ಬಿಟ್ಟು ಕೊಡ್ತೀನಿ, ಬಿಟ್ಟುಕೊಡ್ತೀನಿ

ಕೋರ್ಟಿನ ಎದುರಿಗೆ ಟೈಪಿಂಗ್ ಅಂಗಡಿ ಇಟ್ಟುಕೊಂಡವರ ಮೇಜಿಗೆ ಮೊದಲೆಲ್ಲ ಬರುತ್ತಿದ್ದದ್ದು ಕೈಬರಹದ ಅರ್ಜಿ, ಮಡಿಕೆ ಬಿಟ್ಟುಹೋದ ಹಳೆಯ ಕ್ರಯಪತ್ರ. ಈಗ ಬರುವುದು ಮೊಬೈಲು. ಬಾಡಿಗೆಯ ತಕರಾರಿರಲಿ, ಕೈಸಾಲವಿರಲಿ, ಮದುವೆ ಮುರಿದ ಮಾತಿರಲಿ, ಎಲ್ಲದಕ್ಕೂ ಆಧಾರ ವಾಟ್ಸಾಪ್ ಮಾತುಕತೆ. ಅದರ ಸ್ಕ್ರೀನ್‌ಶಾಟ್ ತೆಗೆದು ನನ್ನ ಕೈಗೆ ಕೊಟ್ಟು, 'ಇದರಲ್ಲಿರೋದನ್ನ ಹಾಗೇ ಟೈಪ್ ಮಾಡಿಕೊಡಿ' ಅನ್ನುತ್ತಾರೆ. 'ಹಾಗೇ' ಅನ್ನುವ ಆ ಒಂದು ಮಾತಿನಲ್ಲಿ ಎಷ್ಟು ಕೆಲಸವಿದೆ ಎಂದು ನನಗೆ ಗೊತ್ತಾದದ್ದು ಒಂದು ಬಾಡಿಗೆ ಮನೆಯ ಅಡ್ವಾನ್ಸಿನ ಜಗಳದಿಂದ. ಗುರುತು ಸಿಗದಿರಲೆಂದು ಮೊತ್ತ, ದಿನಾಂಕ, ಹೆಸರುಗಳನ್ನು ಬದಲಿಸಿ ಅದನ್ನೇ ಇಲ್ಲಿ ಹೇಳುತ್ತೇನೆ.

ಬಂದವನು ಇಪ್ಪತ್ತೈದರ ಆಸುಪಾಸಿನ ಹುಡುಗ, ಜೊತೆಗೆ ಅವನ ತಾಯಿ. ವಕೀಲರು ಮನೆ ಮಾಲೀಕರಿಗೆ ನೋಟಿಸ್ ಕಳಿಸಲು ಕರಡು ಮಾಡಿದ್ದರು. ಅದರೊಳಗೆ ಹುಡುಗ ಸ್ಕ್ರೀನ್‌ಶಾಟ್ ಅಂಟಿಸಿದ್ದ. ಕಪ್ಪು ಹಿನ್ನೆಲೆಯ ಮೋಡಿನಲ್ಲಿ ತೆಗೆದ ಚಿತ್ರವಾದ್ದರಿಂದ ಲೇಸರ್ ಪ್ರಿಂಟಿನಲ್ಲಿ ಅದು ಮಸಿ ಮೆತ್ತಿದ ಚೌಕವಾಗಿತ್ತು. ಮೇಲಾಗಿ ಅದರಲ್ಲಿ ಮಾಲೀಕರ ಮುಖದ ಫೋಟೊ, ಹುಡುಗನ ಬ್ಯಾಂಕ್ ಖಾತೆಯ ನಂಬರು ಎಲ್ಲ ಕಾಣುತ್ತಿದ್ದವು. ವಕೀಲರು ಚಿತ್ರವನ್ನೇ ತೆಗೆದುಹಾಕಿ, ಆ ಜಾಗದಲ್ಲಿ 'ಯಾರು, ಯಾವಾಗ, ಏನು ಅಂದರು ಎಂದು ಕ್ರಮವಾಗಿ ಟೈಪ್ ಮಾಡಿಸಿ' ಎಂದು ಪೆನ್ನಿನಲ್ಲಿ ಬರೆದಿದ್ದರು.

ಮಾತುಕತೆ ಚಿಕ್ಕದು, ಏಳೇ ಸಾಲು. ನಾನು ಹತ್ತು ನಿಮಿಷದಲ್ಲಿ ಹೊಡೆದು ಮುಗಿಸಿದೆ. ಹುಡುಗ ತನ್ನ ಮಾತನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದ. ಮಾಲೀಕರು ಮಾತ್ರ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು. ನೋಟಿಸ್ ಕನ್ನಡದಲ್ಲಿದೆಯಲ್ಲ, ಓದಲು ಚೆನ್ನಾಗಿರಲಿ ಎಂದು ಅವರ ಸಾಲುಗಳನ್ನು ಕನ್ನಡ ಲಿಪಿಗೆ ತಿರುಗಿಸಿದೆ. ಅವರ ಮುಖ್ಯ ಸಾಲು ಹೀಗಿತ್ತು: painting 8 bittu kodtini. ನಾನು ಹೊಡೆದದ್ದು: 'ಪೇಂಟಿಂಗ್ 8 ಬಿಟ್ಟುಕೊಡ್ತೀನಿ.'

ಹುಡುಗ ಓದಿ ತಲೆಯಾಡಿಸಿದ. ಅವನ ಪ್ರಕಾರ ಪೇಂಟಿಂಗಿನ ಎಂಟು ಸಾವಿರವನ್ನು ಮಾಲೀಕರು ಬೇಡವೆಂದು ಬಿಟ್ಟುಕೊಟ್ಟಿದ್ದಾರೆ, ಅಂದರೆ ಒಂದು ಲಕ್ಷದ ಅಡ್ವಾನ್ಸ್ ಪೂರ್ತಿ ಬರಬೇಕು. ತಾಯಿ ಕಾಗದ ಇಸಿದುಕೊಂಡು ಓದಿ, ಸ್ವಲ್ಪ ತಡೆದು ಕೇಳಿದರು. 'ಅಲ್ಲ ಕಣಮ್ಮಾ, ಎಂಟು ಕಳೆದು ಮಿಕ್ಕಿದ್ದು ಕೊಡ್ತೀನಿ ಅಂತ ಅಲ್ವಾ ಅವರು ಅಂದಿರೋದು? ಎಂಟು ಬಿಟ್ಟು, ಕೊಡ್ತೀನಿ.'

ಫೋನಿನ ಚಿತ್ರ ಮತ್ತೆ ನೋಡಿದೆ. bittu ಮತ್ತು kodtini ನಡುವೆ ಜಾಗ ಇತ್ತು. ನಾನು ಅದನ್ನು ಮುಚ್ಚಿಬಿಟ್ಟಿದ್ದೆ. ಆ ಜಾಗ ಮುಚ್ಚಿದರೆ ಎಂಟು ಸಾವಿರ ಹುಡುಗನದು, ತೆರೆದರೆ ಮಾಲೀಕರದು ಆಗುವ ಸಂಭವ. ಹಾಗೆಂದು ಜಾಗ ಇದ್ದ ಮಾತ್ರಕ್ಕೆ ತಾಯಿ ಹೇಳಿದ್ದೇ ಸರಿ ಎಂದೂ ಅಲ್ಲ, ಮೊಬೈಲಿನಲ್ಲಿ ಒಂದೇ ಪದವನ್ನು ಎರಡಾಗಿ ಒಡೆದು ಬರೆಯುವವರು ಬೇಕಾದಷ್ಟು ಜನ. ಅದನ್ನು ತೀರ್ಮಾನಿಸುವುದು ಓದುವವರ ಕೆಲಸ, ಬೇಕಾದರೆ ನ್ಯಾಯಾಧೀಶರ ಕೆಲಸ. ಟೈಪ್ ಮಾಡುವವಳ ಕೆಲಸ ಅಲ್ಲ. ಲಿಪಿ ಬದಲಿಸಿದ ಕ್ಷಣದಲ್ಲಿ ನಾನು ಗೊತ್ತಿಲ್ಲದೆ ತೀರ್ಪು ಕೊಟ್ಟಿದ್ದೆ.

ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಈ ಅಪಾಯ ಹೆಜ್ಜೆಹೆಜ್ಜೆಗೂ ಇದೆ. bale ಎಂದರೆ ಬಳೆ, ಬಲೆ, ಬಾಳೆ ಯಾವುದೂ ಆಗಬಹುದು. ಹೆಚ್ಚು ಕಾಟ ಕೊಡುವುದು ಕ್ರಿಯಾಪದಗಳು. hakilla ಎಂದರೆ ಹಾಕಿಲ್ಲ, hakalla ಎಂದರೆ ಹಾಕಲ್ಲ. ಒಂದು ಇನ್ನೂ ಆಗದ ಕೆಲಸ, ಇನ್ನೊಂದು ಮಾಡುವುದಿಲ್ಲ ಎಂಬ ಹಟ. ನಡುವೆ ಇರುವುದು ಒಂದೇ ಅಕ್ಷರ, ಅದೂ ಹೆಬ್ಬೆರಳಿನಲ್ಲಿ ಅವಸರದಲ್ಲಿ ಒತ್ತಿದ್ದು. ಅದಕ್ಕೇ ಅಂದಿನಿಂದ ನಾನು ಮೂಲ ಸಾಲನ್ನು ಅದು ಇದ್ದ ಅಕ್ಷರದಲ್ಲೇ, ಅದರ ತಪ್ಪು ಕಾಗುಣಿತ, ಜಾಗ, ಚುಕ್ಕೆ ಸಮೇತ ಹೊಡೆಯುತ್ತೇನೆ. ಕನ್ನಡ ಲಿಪಿಯಲ್ಲಿ ಬೇಕೆಂದರೆ ಅದರ ಕೆಳಗೆ ಬೇರೆ ಸಾಲಿನಲ್ಲಿ, 'ಓದಿಕೊಂಡ ಬಗೆ' ಎಂದು ಹೇಳಿಯೇ ಕೊಡುತ್ತೇನೆ. ಎರಡು ಅರ್ಥ ಬರುವ ಕಡೆ ಎರಡನ್ನೂ ಕೊಡುತ್ತೇನೆ.

ಪದಗಳ ಕಥೆ ಇಷ್ಟು. ಆದರೆ ಸ್ಕ್ರೀನ್‌ಶಾಟಿನಲ್ಲಿ ಪದಗಳಿಗಿಂತ ಹೆಚ್ಚು ಹೇಳುವುದು ಪದಗಳಲ್ಲದ ಸಂಗತಿಗಳು. ಯಾರ ಮಾತು ಎನ್ನುವುದು ವಾಟ್ಸಾಪಿನ ಇಬ್ಬರ ಮಾತುಕತೆಯಲ್ಲಿ ಎಲ್ಲೂ ಬರೆದಿರುವುದಿಲ್ಲ. ಬಲಕ್ಕೆ ಇರುವುದು ಆ ಫೋನಿನವರದು, ಎಡಕ್ಕೆ ಇರುವುದು ಎದುರಿನವರದು. ಬಣ್ಣ ನೋಡಿ ಗುರುತಿಸುವ ಅಭ್ಯಾಸವಿದ್ದರೆ ಕಪ್ಪು-ಬಿಳುಪು ಪ್ರಿಂಟಿನಲ್ಲಿ ತಿಳಿಹಸಿರೂ ಬಿಳಿಯೂ ಒಂದೇ ಬೂದಿಯಾಗಿ ಮೋಸವಾಗುತ್ತದೆ. ನೋಡಬೇಕಾದ್ದು ಎಡವೋ ಬಲವೋ ಎಂಬುದನ್ನು. ಹಾಗಾಗಿ ಟೈಪ್ ಮಾಡುವ ಮೊದಲು ನಾನು ಕೇಳುವ ಮೊದಲ ಪ್ರಶ್ನೆ, 'ಇದು ಯಾರ ಫೋನಿನಲ್ಲಿ ತೆಗೆದದ್ದು?' ಒಂದೇ ಮಾತುಕತೆಯನ್ನು ಮಾಲೀಕರು ತಮ್ಮ ಫೋನಿನಲ್ಲಿ ತೆಗೆದಿದ್ದರೆ ಎಡ ಬಲ ಅದಲುಬದಲಾಗಿರುತ್ತಿತ್ತು.

ಮೇಲೆ ಕಾಣುವ ಹೆಸರನ್ನೂ ಪೂರ್ತಿ ನಂಬುವಂತಿಲ್ಲ. ಈ ಹುಡುಗನ ಫೋನಿನಲ್ಲಿ ಮಾಲೀಕರ ಹೆಸರು Owner Uncle ಎಂದಿತ್ತು. ಅದು ಅವನು ಉಳಿಸಿಕೊಂಡ ಹೆಸರು, ಅವರು ಇಟ್ಟುಕೊಂಡದ್ದಲ್ಲ. ಯಾವ ನಂಬರಿಗೂ ಯಾರ ಹೆಸರನ್ನಾದರೂ ಹೀಗೆ ಕೊಡಬಹುದು. ಆದ್ದರಿಂದ ಟೈಪ್ ಪ್ರತಿಯಲ್ಲಿ 'ಫೋನಿನಲ್ಲಿ ಈ ಹೆಸರಿನಲ್ಲಿ ಉಳಿಸಿದೆ' ಎಂದು ಬರೆಯಬೇಕು. ನಂಬರನ್ನು ಎಲ್ಲರೂ ಓದುವ ಪ್ರತಿಯಲ್ಲಿ ಹಾಕದೆ ವಕೀಲರಿಗೆ ಪ್ರತ್ಯೇಕವಾಗಿ ಕೊಡಬಹುದು.

ಗುಂಪಿನ ಚಾಟ್ ಆದರೆ ಇನ್ನೊಂದು ತೊಡಕು. ಒಬ್ಬರೇ ಸಾಲಾಗಿ ನಾಲ್ಕು ಮೆಸೇಜ್ ಹಾಕಿದರೆ ಹೆಸರು ಕಾಣುವುದು ಮೊದಲನೆಯದರ ಮೇಲೆ ಮಾತ್ರ. ಚಿತ್ರ ಎರಡನೆಯ ಮೆಸೇಜಿನಿಂದ ಶುರುವಾಗಿದ್ದರೆ ಅದು ಯಾರದೆಂದು ಚಿತ್ರದಿಂದ ಗೊತ್ತಾಗದು. ಅಂಥ ಕಡೆ ನಮಗೆ ಯಾರೆಂದು ಗೊತ್ತಿದ್ದರೂ 'ಕಳಿಸಿದವರ ಹೆಸರು ಚಿತ್ರದಲ್ಲಿ ಇಲ್ಲ' ಎಂದೇ ಬರೆದು, ಸ್ವಲ್ಪ ಮೇಲಕ್ಕೆ ಸರಿಸಿ ತೆಗೆದ ಮತ್ತೊಂದು ಚಿತ್ರ ಕೇಳಬೇಕು.

ಇನ್ನು ಸಮಯ. ಗಂಟೆ ನಿಮಿಷ ಪ್ರತಿ ಮೆಸೇಜಿನ ಮೂಲೆಯಲ್ಲೇ ಇರುತ್ತದೆ, ಆದರೆ ತಾರೀಖು ಇರುವುದಿಲ್ಲ. ಅದು ಮಧ್ಯದಲ್ಲಿ ಒಂದು ಚಿಕ್ಕ ಪಟ್ಟಿಯಾಗಿ ಬರುತ್ತದೆ, ಅದೂ ಹತ್ತಿರದ ದಿನಗಳಾದರೆ Today, Yesterday, ಅಥವಾ ಬರೀ ವಾರದ ಹೆಸರು. ಈ 'ಇಂದು' ಯಾವ ಇಂದು? ಚಿತ್ರ ತೆಗೆದ ದಿನದ ಇಂದು. ನೋಟಿಸ್ ಟೈಪ್ ಮಾಡುವ ದಿನದ್ದಲ್ಲ. ಅದನ್ನು ಹಾಗೇ ಹೊಡೆದರೆ ಒಂದು ತಿಂಗಳ ನಂತರ ಓದಿದವರಿಗೆ ಏನೂ ತಿಳಿಯದು.

ಹುಡುಗನ ಚಿತ್ರದಲ್ಲಿ ಮೊದಲು Friday, ಆಮೇಲೆ Yesterday, ಕೊನೆಗೆ Today ಎಂದಿತ್ತು. ಚಿತ್ರ ತೆಗೆದದ್ದು ಯಾವಾಗ ಎಂದು ಅವನಿಗೆ ಸರಿಯಾಗಿ ನೆನಪಿರಲಿಲ್ಲ. ಫೈಲಿನ ಹೆಸರು ನೋಡಿದೆವು.

```
Screenshot_20250202-211840.png
```

ಬಹಳಷ್ಟು ಆಂಡ್ರಾಯ್ಡ್ ಫೋನುಗಳು ಹೀಗೆ ವರ್ಷ, ತಿಂಗಳು, ದಿನ, ಆಮೇಲೆ ಗಂಟೆ, ನಿಮಿಷ, ಸೆಕೆಂಡುಗಳನ್ನು ಹೆಸರಿನಲ್ಲೇ ಸೇರಿಸುತ್ತವೆ. ಅಂದರೆ 2025ರ ಫೆಬ್ರವರಿ 2, ರಾತ್ರಿ 9 ಗಂಟೆ 18 ನಿಮಿಷ. ಚಿತ್ರದ ತುದಿಯಲ್ಲಿ ಫೋನಿನ ಗಡಿಯಾರವೂ 9:18 ತೋರಿಸುತ್ತಿತ್ತು, ತಾಳೆಯಾಯಿತು. ಕ್ಯಾಲೆಂಡರಿನಲ್ಲಿ ಆ ದಿನ ಭಾನುವಾರ. ಹಾಗಾದರೆ 'ನಿನ್ನೆ' ಶನಿವಾರ ಫೆಬ್ರವರಿ 1, 'ಫ್ರೈಡೆ' ಜನವರಿ 31. ಹೀಗೆ ಲೆಕ್ಕ ಹಾಕಿ ಕಂಡುಕೊಂಡ ತಾರೀಖನ್ನು ಚಿತ್ರದಲ್ಲೇ ಇದ್ದದ್ದು ಎಂಬಂತೆ ಹಾಕಬಾರದು. ಪಟ್ಟಿಯಲ್ಲಿದ್ದ ಪದವನ್ನೂ ಲೆಕ್ಕದ ತಾರೀಖನ್ನೂ ಎರಡನ್ನೂ ಬರೆಯಬೇಕು.

ಈ ಅನುಕೂಲ ಸಿಗುವುದು ಮೂಲ ಫೈಲು ಇದ್ದಾಗ ಮಾತ್ರ. ಅದೇ ಚಿತ್ರವನ್ನು ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ಅದನ್ನು ಪಡೆದವರ ಆಂಡ್ರಾಯ್ಡ್ ಫೋನಿನಲ್ಲಿ IMG ಮತ್ತು WA ಸೇರಿದ ಹೊಸ ಹೆಸರಿನಲ್ಲಿ ಉಳಿಯುತ್ತದೆ. ಆಗ ಹೆಸರಿನಲ್ಲಿ ಸಿಗುವ ತಾರೀಖಿನಿಂದ ಚಿತ್ರ ತೆಗೆದ ದಿನ ತಿಳಿಯದು. ನನಗೆ ಕಳಿಸುವವರಿಗೆ 'ಡಾಕ್ಯುಮೆಂಟ್ ಅಂತ ಕಳಿಸಿ' ಎಂದು ಹೇಳುವುದು ಇದಕ್ಕೇ.

ಹೊರದೇಶದಲ್ಲಿ ಇರುವವರು ಕಳಿಸಿದ ಚಿತ್ರವಾದರೆ ಇನ್ನೊಂದು ಎಚ್ಚರ. ಮೂಲೆಯಲ್ಲಿ ಕಾಣುವ ಗಂಟೆ ಆ ಫೋನು ಇರುವ ಊರಿನದು. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಇಲ್ಲಿ ಭಾನುವಾರ ಬೆಳಿಗ್ಗೆ 8ಕ್ಕೆ ಅಮ್ಮ ಹಾಕಿದ ಮೆಸೇಜು ಅಲ್ಲಿನ ಮಗನ ಫೋನಿನಲ್ಲಿ ಶನಿವಾರ ಸಂಜೆ 6:30 ಎಂದು ಇರುತ್ತದೆ. ಗಂಟೆಯನ್ನು ಬದಲಿಸದೆ, ಅದು ಯಾವ ಊರಿನ ಫೋನು ಎಂದು ಮೇಲೆ ಒಂದು ಸಾಲು ಬರೆದರೆ ಸಾಕು.

ಮತ್ತೆ ನಮ್ಮ ಏಳು ಸಾಲಿಗೆ ಬರೋಣ. ಅದರಲ್ಲಿ ಮೂರು ಸಾಲುಗಳು ಮಾತೇ ಅಲ್ಲದಂತೆ ಕಾಣುವವು. ಒಂದು, ಹುಡುಗ ಮಾಡಿದ ಕರೆಗೆ ಉತ್ತರ ಸಿಗಲಿಲ್ಲ ಎಂಬ ಗುರುತು. ಅದನ್ನು ನಾನು ಮೊದಲ ಸಲ ಬಿಟ್ಟೇಬಿಟ್ಟಿದ್ದೆ. ಎರಡು, ಮಾಲೀಕರ ಕಡೆಯಿಂದ ಬಂದು ಅಳಿಸಿಹೋದ ಒಂದು ಮೆಸೇಜು. ಅಲ್ಲಿ This message was deleted ಎಂದಷ್ಟೇ ಇತ್ತು. ಆ ಸಾಲಿನ ಪಕ್ಕದ ಗಂಟೆ ಮೆಸೇಜ್ ಕಳಿಸಿದ ಹೊತ್ತಿನದೇ ಹೊರತು ಅಳಿಸಿದ ಹೊತ್ತಿನದಲ್ಲ. ಹೀಗಾಗಿ 'ಬೆಳಿಗ್ಗೆ 8:47ಕ್ಕೆ ಅಳಿಸಿದರು' ಎಂದು ಬರೆದರೆ ಅದು ಸುಳ್ಳಾಗುತ್ತದೆ. ಮೂರು, ಕೊನೆಯ ಸಾಲಿನ ಗಂಟೆಯ ಪಕ್ಕ ಇದ್ದ Edited ಎಂಬ ಚಿಕ್ಕ ಅಕ್ಷರ. ವಾಟ್ಸಾಪಿನಲ್ಲಿ ಕಳಿಸಿದ ಹದಿನೈದು ನಿಮಿಷದೊಳಗೆ ಮೆಸೇಜನ್ನು ತಿದ್ದಬಹುದು. ಮೊದಲು ಏನಿತ್ತು ಎಂದು ಎದುರಿನವರಿಗೆ ಕಾಣುವುದಿಲ್ಲ, ತಿದ್ದಿದ್ದಾರೆ ಎನ್ನುವುದು ಮಾತ್ರ ಕಾಣುತ್ತದೆ. ಮೊತ್ತ ಹೇಳುವ ಸಾಲಿನಲ್ಲಿ ಆ ಒಂದು ಪದ ಬಿಟ್ಟುಹೋದರೆ ಎಷ್ಟು ವ್ಯತ್ಯಾಸ!

ಇನ್ನೊಂದು, ಎಲ್ಲರೂ ಎಡವುವ ಜಾಗ. ಹಳೆಯ ಮೆಸೇಜನ್ನು ಎಳೆದು ಅದಕ್ಕೆ ಉತ್ತರ ಕೊಟ್ಟಾಗ, ಹಳೆಯ ಮಾತು ಹೊಸ ಮಾತಿನ ಮೇಲೆ ಚಿಕ್ಕ ಪೆಟ್ಟಿಗೆಯಲ್ಲಿ ಮತ್ತೆ ಕಾಣುತ್ತದೆ. ಹುಡುಗ ಭಾನುವಾರ ಬೆಳಿಗ್ಗೆ ಉತ್ತರಿಸಿದ್ದು ಹಾಗೆ. ಮೇಲಿನಿಂದ ಕೆಳಕ್ಕೆ ಕಂಡದ್ದೆಲ್ಲ ಹೊಡೆಯುತ್ತ ಹೋದರೆ 'ಬಿಟ್ಟು ಕೊಡ್ತೀನಿ' ಎಂದು ಮಾಲೀಕರು ಎರಡು ಸಲ, ಎರಡನೆಯ ಸಲ ಭಾನುವಾರ ಬೆಳಿಗ್ಗೆ ಹೇಳಿದಂತೆ ಆಗುತ್ತದೆ. ಹೇಳಿದ್ದು ಒಂದೇ ಸಲ, ಶನಿವಾರ ರಾತ್ರಿ. ಪೆಟ್ಟಿಗೆಯ ಮಾತನ್ನು ಹೊಸ ಮೆಸೇಜಾಗಿ ಎಣಿಸದೆ, ಯಾವುದಕ್ಕೆ ಉತ್ತರ ಎಂದು ತಿಳಿಸಿದರೆ ಸರಿ.

ಎಲ್ಲ ತಿದ್ದಿದ ಮೇಲೆ ನೋಟಿಸಿಗೆ ಹೋದ ಪ್ರತಿ ಇದು.

ವಾಟ್ಸಾಪ್, ಇಬ್ಬರ ಮಾತುಕತೆ. ಬಾಡಿಗೆದಾರರ ಫೋನಿನಲ್ಲಿ 2-2-2025, ರಾತ್ರಿ 9:18ಕ್ಕೆ ತೆಗೆದ ಒಂದು ಸ್ಕ್ರೀನ್‌ಶಾಟ್. ಮಾಲೀಕರ ನಂಬರು ಫೋನಿನಲ್ಲಿ Owner Uncle ಎಂದು ಉಳಿದಿದೆ. ಬಾಡಿಗೆದಾರರ ಮೆಸೇಜುಗಳಿಗೆಲ್ಲ ಎರಡು ನೀಲಿ ಟಿಕ್ ಇವೆ. ಆವರಣದ ಮಾತು ಟೈಪ್ ಮಾಡಿದವರದು.

Friday (ಲೆಕ್ಕದಂತೆ 31-1-2025)
1. ಬೆಳಿಗ್ಗೆ 10:12, ಬಾಡಿಗೆದಾರ: ಸರ್ ಮನೆ ಖಾಲಿ ಮಾಡಿ ಕೀ ಕೊಟ್ಟಾಯ್ತು. ಅಡ್ವಾನ್ಸ್ 1 ಲಕ್ಷ ಯಾವಾಗ ಹಾಕ್ತೀರ? ನನ್ನ ಅಕೌಂಟ್ ನಂಬರ್ (ನಂಬರು ಇಲ್ಲಿ ತೆಗೆದಿದೆ)
2. ಸಂಜೆ 6:40, ಮಾಲೀಕರು: nodtini

Yesterday (ಲೆಕ್ಕದಂತೆ 1-2-2025)
3. ಬೆಳಿಗ್ಗೆ 11:05, ಬಾಡಿಗೆದಾರ: (ವಾಯ್ಸ್ ಕಾಲ್, ಉತ್ತರ ಸಿಕ್ಕಿಲ್ಲ)
4. ರಾತ್ರಿ 8:31, ಮಾಲೀಕರು: painting 8 bittu kodtini

Today (ಲೆಕ್ಕದಂತೆ 2-2-2025)
5. ಬೆಳಿಗ್ಗೆ 8:02, ಬಾಡಿಗೆದಾರ: (4ನೆಯ ಮೆಸೇಜಿಗೆ ಉತ್ತರ) ಸರಿ ಸರ್ ಥ್ಯಾಂಕ್ಸ್. ಪೂರ್ತಿ 1 ಲಕ್ಷ ಅಲ್ವಾ? (ಕೈಮುಗಿದ ಗುರುತು)
6. ಬೆಳಿಗ್ಗೆ 8:47, ಮಾಲೀಕರು: (ಅಳಿಸಿದ ಮೆಸೇಜು)
7. ರಾತ್ರಿ 9:10, ಮಾಲೀಕರು: 92 hakidini nodi (Edited ಎಂಬ ಗುರುತಿದೆ)

'ಕೈಮುಗಿದ ಗುರುತು' ಎಂದು ಬರೆದದ್ದನ್ನು ಗಮನಿಸಿ. ಅದು ಕೃತಜ್ಞತೆಯೋ ಬೇಡಿಕೆಯೋ ಎಂದು ನಾನು ಹೇಳಿಲ್ಲ. ಎಮೋಜಿಯಲ್ಲಿ ಏನು ಕಾಣುತ್ತದೋ ಅದನ್ನು ಹೇಳಬೇಕು, ಅದರ ಹಿಂದಿನ ಮನಸ್ಸನ್ನಲ್ಲ. 92 ಎನ್ನುವುದನ್ನು '92,000' ಎಂದು ಬಿಡಿಸಲೂ ಇಲ್ಲ, ಸಾವಿರ ಎಂಬ ಪದ ಅಲ್ಲಿ ಇರಲಿಲ್ಲ.

ಈ ಮಾತುಕತೆ ಒಂದೇ ಚಿತ್ರದಲ್ಲಿ ಹಿಡಿಯಿತು. ಉದ್ದದ್ದಾದರೆ ಐದಾರು ಚಿತ್ರ ಬರುತ್ತವೆ, ಕಳಿಸುವಾಗ ಹಿಂದುಮುಂದಾಗಿರುತ್ತವೆ. ಒಂದರ ಕೊನೆಯ ಮೆಸೇಜೇ ಮುಂದಿನದರ ಮೊದಲನೆಯದಾಗಿದ್ದರೆ ಕೊಂಡಿ ಸಿಕ್ಕಿತು, ಆ ಮೆಸೇಜನ್ನು ಒಂದೇ ಸಲ ಹೊಡೆದು ಮುಂದೆ ಹೋಗಬಹುದು. ಕೊಂಡಿ ಇಲ್ಲದಿದ್ದರೆ ನಡುವೆ ಏನೋ ಬಿಟ್ಟುಹೋಗಿರಬಹುದು, ಅಲ್ಲಿ 'ಈ ಎರಡು ಚಿತ್ರಗಳ ನಡುವಿನ ಭಾಗ ನನ್ನ ಬಳಿ ಇಲ್ಲ' ಎಂದು ಬರೆಯಬೇಕು. ಚಾಟ್ ಇನ್ನೂ ಫೋನಿನಲ್ಲಿ ಇದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇದೆ. ವಾಟ್ಸಾಪಿನಲ್ಲಿ Export chat ಒತ್ತಿದರೆ ಇಡೀ ಮಾತುಕತೆ ತಾರೀಖು, ಗಂಟೆ, ಹೆಸರು ಸಮೇತ ಅಕ್ಷರದ ಫೈಲಾಗಿ ಬರುತ್ತದೆ. ಅದರಲ್ಲಿ ತಾರೀಖು ಸ್ಪಷ್ಟವಾಗಿ ಇರುವುದರಿಂದ ನಮ್ಮ ಲೆಕ್ಕ ಸರಿಯೋ ಎಂದು ನೋಡಿಕೊಳ್ಳಬಹುದು. ಆದರೆ ದಿನ ಮೊದಲೋ ತಿಂಗಳು ಮೊದಲೋ ಎನ್ನುವುದು ಫೋನಿನ ಸೆಟ್ಟಿಂಗಿನ ಮೇಲೆ ಹೋಗುತ್ತದೆ. 1/2/25 ಎಂದಿದ್ದರೆ ಅದು ಫೆಬ್ರವರಿ ಒಂದೋ ಜನವರಿ ಎರಡೋ ಎಂದು, 12 ದಾಟಿದ ಬೇರೆ ತಾರೀಖು ಹುಡುಕಿ ಖಚಿತ ಮಾಡಿಕೊಳ್ಳಬೇಕು.

ಚಿತ್ರವೂ ಹೋಗಿದೆ, ಚಾಟೂ ಅಳಿದಿದೆ, ಆದರೂ ಟೈಪ್ ಮಾಡಿಕೊಡಿ ಎಂದು ಬರುವವರೂ ಇದ್ದಾರೆ. ಅವರಿಗೆ ನಾನು ಹೇಳುವುದು, 'ನೆನಪಿರುವುದನ್ನು ಬರೆಸಿ, ಆದರೆ ನೆನಪು ಎಂದೇ ಬರೆಸಿ.' 'ಜನವರಿ ಕೊನೆಯಲ್ಲಿ ಒಂದು ರಾತ್ರಿ, ಪೇಂಟಿಂಗ್ ಹಣದ ಬಗ್ಗೆ ಹೀಗೆ ಅಂದಂತೆ ನೆನಪು' ಎನ್ನುವುದು ಪ್ರಾಮಾಣಿಕ ಮಾತು. ಅದನ್ನೇ '8:31, ಮಾಲೀಕರು' ಎಂದು ಸಾಲು ಕಟ್ಟಿ ಹೊಡೆದರೆ ನೋಡಿ ಬರೆದದ್ದರ ವೇಷ ತೊಡಿಸಿದಂತೆ. ಆ ಕೆಲಸವನ್ನು ನಾನು ಎಷ್ಟು ದುಡ್ಡು ಕೊಟ್ಟರೂ ಮಾಡುವುದಿಲ್ಲ.

ಎಷ್ಟೇ ಸರಿಯಾಗಿ ಹೊಡೆದರೂ ಟೈಪ್ ಪ್ರತಿ ಓದುವ ಅನುಕೂಲಕ್ಕೆ ಇರುವುದು. ಕೋರ್ಟಿನಲ್ಲಿ ಎಲೆಕ್ಟ್ರಾನಿಕ್ ದಾಖಲೆಗೆ ಬೇರೆಯೇ ನಿಯಮವಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ಅದನ್ನು ಹೇಳುತ್ತದೆ, ಹಳೆಯ ಕಾಯ್ದೆಯಲ್ಲಿ 65ಬಿ ಇದ್ದ ಜಾಗದಲ್ಲಿ. ಅದರಂತೆ ಪ್ರತಿಯ ಜೊತೆಗೆ ಪ್ರಮಾಣಪತ್ರ ಬೇಕು. ಅದನ್ನು ವಕೀಲರು ನೋಡಿಕೊಳ್ಳುತ್ತಾರೆ, ಆದರೆ ಮೂಲ ಮಾತುಕತೆ ಫೋನಿನಲ್ಲಿ ಇಲ್ಲವಾದರೆ ಅವರ ಕೈಯೂ ಕಟ್ಟಿದಂತೆ.

ಹುಡುಗನ ನೋಟಿಸಿನಲ್ಲಿ ವಕೀಲರು ಆ ನಾಲ್ಕನೆಯ ಸಾಲನ್ನು ನೋಡಿ, 'ಎಂಟು ಸಾವಿರ ಬಿಟ್ಟುಕೊಟ್ಟಿದ್ದೀರಿ' ಎಂದಿದ್ದ ವಾಕ್ಯವನ್ನು ತೆಗೆದು, 'ಪೇಂಟಿಂಗಿಗೆ ಎಂಟು ಸಾವಿರ ಹಿಡಿದುಕೊಂಡದ್ದಾದರೆ ಅದರ ಬಿಲ್ ಕೊಡಿ' ಎಂದು ಬರೆದರು. ಮಾಲೀಕರ ಮಾತಿಗೆ ಅವರು ಒಪ್ಪದ ಅರ್ಥ ಹಚ್ಚದೆ ಕೇಳಬಹುದಾದ ಪ್ರಶ್ನೆ ಅದು.

ನಿಮ್ಮ ಬಳಿಯೂ ಇಂಥ ಚಿತ್ರ ಇದ್ದರೆ, ಕಾಗದದಿಂದ ಅದನ್ನು ತೆಗೆಸುವ ಮುನ್ನ ಪಕ್ಕದಲ್ಲಿ ಇಟ್ಟುಕೊಂಡೇ ಟೈಪ್ ಮಾಡಿಸಿ, ಇನ್ನೊಬ್ಬರ ಕೈಯಲ್ಲಿ ಸಾಲುಸಾಲಾಗಿ ಓದಿಸಿ ತಾಳೆ ನೋಡಿ. ವ್ಯವಹಾರ ಮುಗಿಯುವ ತನಕ ಮೂಲ ಫೈಲನ್ನೂ ಆ ಚಾಟನ್ನೂ ಅಳಿಸಬೇಡಿ.